ಮಾವಿನ ತೋರಣದ ಹಿಂದಿನ ಮನೆ ನಂಬರು

ದೆಹಲಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಮನೆಯ ದಾರಿ ಹೇಳುವುದನ್ನು ಕೇಳಿಸಿಕೊಂಡಿದ್ದೀರಾ? ಮನೆ ನಂಬರಿನಿಂದ ಯಾರೂ ಶುರು ಮಾಡುವುದಿಲ್ಲ. ಮೊದಲು ಬರುವುದು ಮೆಟ್ರೋ ಕಂಬದ ನಂಬರು. ಮೇಲ್ಸೇತುವೆಯ ಉದ್ದಕ್ಕೂ ಪ್ರತಿ ಕಂಬಕ್ಕೂ ದಪ್ಪ ಅಕ್ಷರದಲ್ಲಿ ನಂಬರು ಬರೆದಿರುತ್ತಾರಲ್ಲ, ಅಂಗಡಿಯವರು ವಿಸಿಟಿಂಗ್ ಕಾರ್ಡಿನಲ್ಲೂ ಅದನ್ನೇ ಅಚ್ಚು ಹಾಕಿಸುತ್ತಾರೆ. ಆ ಕಂಬದ ಎದುರು ಎಡಕ್ಕೆ ತಿರುಗಿದರೆ ಮದರ್ ಡೇರಿ ಬೂತು, ಅದನ್ನು ದಾಟಿದರೆ ಗುರುದ್ವಾರ, ಗುರುದ್ವಾರದ ಪಕ್ಕ ಇಸ್ತ್ರಿಯವನ ತಳ್ಳುಗಾಡಿ, ಅಲ್ಲಿಂದ ಎರಡನೆಯ ಗಲ್ಲಿ. ರಾತ್ರಿ ಹನ್ನೊಂದಾಗಿದ್ದರೆ ಕಾಲೋನಿಯ ಕಬ್ಬಿಣದ ಗೇಟು ಹಾಕಿಬಿಟ್ಟಿರುತ್ತಾರೆ, ಹಿಂದಿನ ಗೇಟಿಗೆ ಸುತ್ತಿಕೊಂಡು ಬರಬೇಕು. ಇಷ್ಟೆಲ್ಲ ಆದ ಮೇಲೆ, ಫೋನಿಡುವ ಮುಂಚೆ, ಬ್ಲಾಕು, ಪಾಕೆಟ್ಟು, ಮನೆ ನಂಬರು. ಅದನ್ನು ಹೇಳಿಯೂ ಬಹಳ ಉಪಯೋಗವಿಲ್ಲ ಬಿಡಿ. ತಾನಾಗಿ ಬೆಳೆದ ಕಾಲೋನಿಗಳಲ್ಲಿ ನಂಬರುಗಳು ಸಾಲಾಗಿ ಬರುವ ಖಾತರಿಯಿಲ್ಲ. ನೂರಾ ಹನ್ನೆರಡರ ಪಕ್ಕದಲ್ಲಿ ನಲವತ್ತಮೂರು ನಿಂತಿರಬಹುದು.

ಇದನ್ನೆಲ್ಲ ಏಕೆ ಎತ್ತಿಕೊಂಡೆ ಎಂದರೆ, ವಿಡಿಯೋದಲ್ಲಿ ಒಂದು ಮನೆಯ ಗುರುತು ಮರೆಸಬೇಕಾದಾಗ ಎಲ್ಲರ ಕೈಯೂ ಮೊದಲು ಹೋಗುವುದು ನಂಬರ್ ಪ್ಲೇಟಿನ ಮೇಲೆ. ಅದನ್ನು ಮಸುಕು ಮಾಡಿ, ಗಲ್ಲಿಯ ಬೋರ್ಡನ್ನೂ ಮಸುಕು ಮಾಡಿ, ಆಯಿತು ಎಂದು ಎದ್ದುಬಿಡುತ್ತಾರೆ. ದಾರಿ ಕೇಳುವವರಿಗೇ ಬೇಕಾಗದ ನಂಬರನ್ನು ಮುಚ್ಚಿದ ಮಾತ್ರಕ್ಕೆ ಮನೆ ಮರೆಯಾಗುತ್ತದೆಯೇ?

ಯಮುನೆಯ ಆಚೆ ದಡದ ಒಂದು ಕಾಲೋನಿಯಲ್ಲಿ ನಮಗೆ ಬೇಕಾದ ಒಂದು ಕನ್ನಡ ಕುಟುಂಬ ಇದೆ. ಯಾವ ಕಾಲೋನಿ ಎಂದು ಕೇಳಬೇಡಿ, ಹೇಳಿದರೆ ಈ ಬರಹಕ್ಕೆ ಅರ್ಥವೇ ಉಳಿಯುವುದಿಲ್ಲ. ಮನೆಯ ಹಿರಿಯರು ಮೈಸೂರು ಕಡೆಯ ಅಜ್ಜಿ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೂ ಅಜ್ಜಿ ಒಬ್ಬರೇ. ಅವರು ಮಾಡುವ ಗೊಜ್ಜವಲಕ್ಕಿಯನ್ನು ಸೊಸೆಯ ಗೆಳತಿಯೊಬ್ಬಳು ವಿಡಿಯೋ ಮಾಡಿದಳು, ಕನ್ನಡದ ಅಡುಗೆ ಚಾನೆಲ್ಲಿಗೆ ಹಾಕುವುದಕ್ಕೆಂದು. ಅಜ್ಜಿಗೂ ಸಂತೋಷವೇ. ಹುಣಿಸೆಹಣ್ಣಿನ ಗೊಜ್ಜು ಎಷ್ಟು ಗಟ್ಟಿ ಇರಬೇಕು, ಅವಲಕ್ಕಿಯನ್ನು ಪುಡಿ ಮಾಡುವಾಗ ಎಲ್ಲಿ ನಿಲ್ಲಿಸಬೇಕು ಎಂದು ಕೈಯಲ್ಲಿ ಹಿಡಿದು ತೋರಿಸಿದರು. ಆದರೆ ಮಗ ಒಂದು ಮಾತು ಕಡ್ಡಾಯವಾಗಿ ಹೇಳಿದ: ಮನೆ ಎಲ್ಲಿದೆ ಎಂದು ಯಾರಿಗೂ ಗೊತ್ತಾಗಬಾರದು. ಹಗಲೆಲ್ಲ ಒಬ್ಬರೇ ಇರುವ ವಯಸ್ಸಾದ ಹೆಂಗಸು, ಹಿತ್ತಾಳೆ ಪಾತ್ರೆಗಳ ಸಾಲು, ದೇವರ ಮನೆಯ ಬೆಳ್ಳಿ, ಎಲ್ಲವೂ ಒಂದೇ ವಿಡಿಯೋದಲ್ಲಿ. ದೆಹಲಿ ಪೊಲೀಸರು ಹಿರಿಯ ನಾಗರಿಕರಿಗೆಂದೇ ಪ್ರತ್ಯೇಕ ಘಟಕ ಇಟ್ಟು, ಹೆಸರು ನೋಂದಾಯಿಸಿಕೊಂಡು, ಬೀಟಿನವರನ್ನು ಮನೆಗೆ ಕಳಿಸಿ ವಿಚಾರಿಸಿಕೊಳ್ಳುವ ಊರು ಇದು. ಮಗ ಹೆದರಿದ್ದರಲ್ಲಿ ಅತಿ ಏನೂ ಇರಲಿಲ್ಲ.

ವಿಡಿಯೋ ಶುರುವಾಗುವುದು ಗಲ್ಲಿಯ ಬಾಯಿಂದ. ಕ್ಯಾಮೆರಾ ನಡೆದುಕೊಂಡು ಬಂದು, ಗೇಟು ತೆರೆದು, ಮೂರು ಮೆಟ್ಟಿಲು ಹತ್ತಿ, ಅಡುಗೆಮನೆ ಹೊಗುತ್ತದೆ. ನೋಡುವುದಕ್ಕೆ ಚೆಂದ, ಮನೆಗೆ ಕರೆದ ಹಾಗೆಯೇ ಇದೆ. ಎಡಿಟಿಂಗಿಗೆ ಕೂತವನು ಗಢವಾಲದ ಹುಡುಗ, ಕೆಲಸದಲ್ಲಿ ಚುರುಕು. ಗಲ್ಲಿಯ ತುದಿಯ ನೀಲಿ ಬೋರ್ಡನ್ನು ಮಸುಕು ಮಾಡಿದ, ಗೇಟಿನ ಪಕ್ಕದ ಅಮೃತಶಿಲೆಯ ಹಲಗೆಯಲ್ಲಿ ಕೆತ್ತಿದ್ದ ನಂಬರನ್ನೂ, ಯಜಮಾನರ ಹೆಸರನ್ನೂ ಮಸುಕು ಮಾಡಿದ. ಕಳಿಸಿದ ಪ್ರತಿಯನ್ನು ಕೂತು ನೋಡಿದರೆ, ಬಾಗಿಲ ಮೇಲೆ ಕನ್ನಡದಲ್ಲಿ ಬರೆದ ಮನೆಯ ಹೆಸರು ಹೊಳೆಯುತ್ತಿದೆ! ಹಿತ್ತಾಳೆಯ ತಗಡು, ಅಂಚಿನಲ್ಲಿ ಬಳ್ಳಿ, ನಡುವೆ ದುಂಡಗಿನ ಅಕ್ಷರಗಳು. ಹುಡುಗ ಅದನ್ನು ಅಲಂಕಾರ ಎಂದುಕೊಂಡಿದ್ದ. ಅವನ ಮಟ್ಟಿಗೆ ಅದರಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಚಾನೆಲ್ಲಿನ ನೋಡುಗರೋ ಒಬ್ಬೊಬ್ಬರೂ ಕನ್ನಡ ಓದುವವರು. ಆ ಕಾಲೋನಿಯಲ್ಲೆಲ್ಲ ಕನ್ನಡದಲ್ಲಿ ಹೆಸರು ಬರೆಸಿರುವ ಮನೆ ಅದೊಂದೇ. ಯಾವ ಇಸ್ತ್ರಿಯವನನ್ನು ಕೇಳಿದರೂ “ಮದ್ರಾಸಿ ಆಂಟಿಯ ಮನೆ ತಾನೇ” ಎಂದು ಕೈ ತೋರಿಸುತ್ತಾನೆ.

ಹೆಸರು ಬರೆಸುವ ವಿಷಯ ಬಂತಲ್ಲ, ದೆಹಲಿಯ ಬೋರ್ಡುಗಳ ಬಗ್ಗೆ ಸ್ವಲ್ಪ ಮಾತಾಡಿಯೇ ಮುಂದೆ ಹೋಗೋಣ. ನಡುದೆಹಲಿಯ ರಸ್ತೆ ಫಲಕಗಳು ನಾಲ್ಕು ಲಿಪಿಯಲ್ಲಿವೆ: ಹಿಂದಿ, ಇಂಗ್ಲಿಷ್, ಗುರುಮುಖಿಯಲ್ಲಿ ಪಂಜಾಬಿ, ಮತ್ತೆ ಉರ್ದು. ಪಂಜಾಬಿಗೂ ಉರ್ದುವಿಗೂ ಅಲ್ಲಿ ಎರಡನೆಯ ಅಧಿಕೃತ ಭಾಷೆಯ ಸ್ಥಾನ ಇದೆ. ಒಂದೇ ಹೆಸರು ನಾಲ್ಕು ಸಲ. ಎಡಿಟ್ ಮಾಡುವವರು ತಮಗೆ ಬರುವ ಎರಡನ್ನು ಮುಚ್ಚಿ ಉಳಿದೆರಡನ್ನು ಬಿಟ್ಟರೆ, ಅದನ್ನು ಓದುವವರು ಆ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ಪೂರ್ತಿ ಫಲಕವನ್ನೇ ಮುಚ್ಚಬೇಕು, ಅಕ್ಷರಗಳನ್ನಲ್ಲ. ಇನ್ನು ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸ್ ಕಡೆ ಹೋದರೆ ಫಲಕವೇ ಬೇಕಿಲ್ಲ. ಸುಮಾರು ಹತ್ತು ವರ್ಷದಿಂದ ಕಲಾವಿದರು ಬಂದು ಬಂದು ಅಲ್ಲಿನ ಗೋಡೆಗಳ ತುಂಬ ಎರಡಂತಸ್ತಿನ ಎತ್ತರದ ಚಿತ್ರ ಬರೆದಿದ್ದಾರೆ. ಯಾವ ಚಿತ್ರ ಯಾವ ಬ್ಲಾಕಿನದು ಎಂಬುದು ಪ್ರವಾಸಿಗರ ಫೋಟೋಗಳಲ್ಲೆಲ್ಲ ಇದೆ. ಆ ಗೋಡೆಯ ಒಂದು ಮೂಲೆ ಹಿನ್ನೆಲೆಯಲ್ಲಿ ಬಂದರೆ, ಎದುರಿನ ಕ್ವಾರ್ಟರ್ಸಿನ ಬಾಗಿಲು ಪತ್ತೆಯಾದ ಹಾಗೆಯೇ.

ಬುರಾಡಿಯ ವಿಷಯ ನೆನಪಿದೆಯೇ? 2018ರ ಜುಲೈ 1ರಂದು ಸಂತ ನಗರದ ಒಂದು ಮನೆಯಲ್ಲಿ ಒಂದೇ ಕುಟುಂಬದ ಹನ್ನೊಂದು ಜನ ಸತ್ತಿದ್ದರು. ಆ ಮನೆಯ ಪಕ್ಕದ ಗೋಡೆಯಿಂದ ಹೊರಚಾಚಿದ್ದ ಹನ್ನೊಂದು ಪೈಪುಗಳನ್ನು ಟಿವಿಯವರು ತೋರಿಸಿದ್ದೇ ತೋರಿಸಿದ್ದು. ಆ ಪೈಪುಗಳನ್ನು ನೋಡಿದವರಿಗೆ ಆ ಮನೆಯನ್ನು ಗುರುತಿಸಲು ನಂಬರು ಬೇಕಾಗಲೇ ಇಲ್ಲ. ಮನೆಗೆ ಮುಖ ಇರುತ್ತದೆ. ಗ್ರಿಲ್ಲಿನ ವಿನ್ಯಾಸ, ನೀರಿನ ಟ್ಯಾಂಕಿನ ಬಣ್ಣ, ಬಾಲ್ಕನಿಗೆ ಹೊದಿಸಿದ ಹಸಿರು ಪರದೆ, ಎಲ್ಲವೂ ಸೇರಿ ಒಂದು ಮುಖ.

ಕಾನೂನು ಬರೆದವರಿಗೂ ಇದು ಗೊತ್ತಿತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ತೆಗೆದು ನೋಡಿ. ಮಾಧ್ಯಮದವರು ಮಗುವಿನ ಹೆಸರು, ವಿಳಾಸ, ಫೋಟೋ, ಮನೆಯವರ ವಿವರ, ಶಾಲೆ ಹೇಳಬಾರದು ಎನ್ನುವುದರ ಜೊತೆಗೆ ನೆರೆಹೊರೆಯನ್ನೂ ಸೇರಿಸಿದೆ, ಗುರುತು ಸಿಗುವಂಥ ಬೇರೆ ಯಾವ ವಿವರವೂ ಕೂಡದು ಎಂದಿದೆ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಇನ್ನಷ್ಟು ಬಿಗಿ ಮಾಡಿತು. ಅತ್ಯಾಚಾರಕ್ಕೆ ಒಳಗಾದವರ ಹೆಸರನ್ನಷ್ಟೇ ಅಲ್ಲ, ದೂರದ ಸುಳಿವಿನಿಂದಲೂ ಅವರು ಯಾರೆಂದು ಗೊತ್ತಾಗುವ ಹಾಗೆ ಏನನ್ನೂ ಪ್ರಕಟಿಸಬಾರದು ಎಂದಿತು. ಗೊಜ್ಜವಲಕ್ಕಿಯ ವಿಡಿಯೋಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ, ನಿಜ. ಆದರೆ ಒಂದು ಮನೆ ಹೇಗೆ ಪತ್ತೆಯಾಗುತ್ತದೆ ಎಂಬ ತಿಳಿವಳಿಕೆ ಆ ‘ನೆರೆಹೊರೆ’ಯಲ್ಲಿ ಅಡಗಿದೆ.

ಖಾಸಗಿತನದ ಮಾತು ಬಂದರೆ ಕನ್ನಡಿಗರು ನೆನೆಯಲೇಬೇಕಾದವರು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿದ್ದು ನಿವೃತ್ತರಾದವರು. 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಐದು ವರ್ಷ ಕಳೆದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅವರು ತೀರಿಕೊಂಡದ್ದು 2024ರಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ. ಬೆಂಗಳೂರಿನ ಒಬ್ಬ ಹಿರಿಯರು ದೆಹಲಿಯ ಕೋರ್ಟಿನಲ್ಲಿ ಗೆದ್ದುಕೊಟ್ಟ ಹಕ್ಕು ಅದು. ಅಜ್ಜಿಗೆ ಈ ಕತೆ ಹೇಳಿದಾಗ ಅವರು ಕೇಳಿದ್ದು, “ಅವರ ಮನೆ ಎಲ್ಲಿತ್ತಂತೆ?” ಎಂದು. ಬೆಂಗಳೂರು ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಸರಿ, ಹುಡುಗನ ಎಡಿಟಿಂಗ್ ಟೇಬಲ್ಲಿಗೆ ಬರೋಣ. ಚಲಿಸುವ ಚಿತ್ರದಲ್ಲಿ ಒಂದು ಹಲಗೆಯನ್ನು ಮುಚ್ಚುವುದು ಫೋಟೋದಲ್ಲಿ ಮುಚ್ಚಿದಷ್ಟು ಸಲೀಸಲ್ಲ. ಹಲಗೆಯ ಸುತ್ತ ಒಂದು ಚೌಕ ಎಳೆಯುತ್ತಾರೆ, ಅದಕ್ಕೆ ಮಾಸ್ಕ್ ಎನ್ನುತ್ತಾರೆ. ಕ್ಯಾಮೆರಾ ಅಲುಗಿದ ಹಾಗೆ ಆ ಚೌಕವೂ ಹಲಗೆಯ ಜೊತೆ ಅಲುಗಬೇಕು, ಅದು ಟ್ರ್ಯಾಕಿಂಗ್. ಡಾವಿಂಚಿ ರಿಸಾಲ್ವ್‌ನಂಥ ಸಾಫ್ಟ್‌ವೇರು, ಅದರ ಪುಕ್ಕಟೆ ಆವೃತ್ತಿ ಕೂಡ, ಈ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಎಡವುವುದು ಎಲ್ಲಿ ಎಂದು ಗೊತ್ತಿರಬೇಕು. ಚೌಕ ಎಳೆದ ಜಾಗದಿಂದ ಮುಂದಕ್ಕೆ ಮಾತ್ರ ಟ್ರ್ಯಾಕ್ ಮಾಡಿ, ಹಿಂದಕ್ಕೆ ಮಾಡುವುದನ್ನು ಮರೆತರೆ, ಹಲಗೆ ಚೌಕಟ್ಟಿನೊಳಗೆ ಬಂದ ಮೊದಲ ಕ್ಷಣಗಳು ಬರಿಮೈಯಲ್ಲಿ ಉಳಿಯುತ್ತವೆ. ನಡುವೆ ಒಂದು ಸ್ಕೂಟರ್ ಹಾದು ಹೋದರೆ ಚೌಕ ಅದನ್ನೇ ಹಲಗೆ ಎಂದು ನಂಬಿ ಹಿಂಬಾಲಿಸಿಕೊಂಡು ಹೊರಟುಬಿಡುತ್ತದೆ. ಬಿಸಿಲಿನಿಂದ ನೆರಳಿಗೆ ಬಂದಾಗಲೂ ಕೈತಪ್ಪುತ್ತದೆ. ಗಲ್ಲಿಯ ಆ ನಡಿಗೆಯಲ್ಲಿ ಸ್ಕೂಟರ್ ಒಂದು ನಿಜವಾಗಿಯೂ ಹಾದು ಹೋಗಿತ್ತು. ಅದು ಹೋದ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಂಬರು ಸ್ಪಷ್ಟವಾಗಿತ್ತು.

ಅಷ್ಟು ಹೊತ್ತಿನಲ್ಲಿ ಯಾರು ಓದುತ್ತಾರೆ ಎಂದ ಹುಡುಗ. ಓದುವವರು ಓಡುವ ವಿಡಿಯೋದಲ್ಲಿ ಓದುವುದಿಲ್ಲ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ತೆರೆದು, ವಿಡಿಯೋ ನಿಲ್ಲಿಸಿ, `.` ಕೀಲಿ ಒತ್ತಿದರೆ ಚಿತ್ರ ಒಂದು ಫ್ರೇಮು ಮುಂದಕ್ಕೆ ಹೋಗುತ್ತದೆ, `,` ಒತ್ತಿದರೆ ಒಂದು ಫ್ರೇಮು ಹಿಂದಕ್ಕೆ. ಒಂದು ಸೆಕೆಂಡಿಗೆ 25 ಫ್ರೇಮು ಎಂದಿಟ್ಟುಕೊಳ್ಳಿ, ಇಪ್ಪತ್ತನಾಲ್ಕನ್ನು ಮುಚ್ಚಿ ಒಂದನ್ನು ಬಿಟ್ಟರೂ ಬಿಟ್ಟಂತೆಯೇ. ಆದ್ದರಿಂದ ಪರೀಕ್ಷೆಯನ್ನೂ ಹಾಗೆಯೇ ಮಾಡಬೇಕು. ಎಡಿಟಿಂಗ್ ಸಾಫ್ಟ್‌ವೇರಿನೊಳಗೆ ಅಲ್ಲ, ಹೊರಗೆ ತೆಗೆದ ಅಂತಿಮ ಫೈಲಿನಲ್ಲಿ, ಹಲಗೆ ಕಾಣುವ ಪ್ರತಿ ಫ್ರೇಮನ್ನೂ ಒಂದೊಂದಾಗಿ ಒತ್ತಿ ನೋಡಬೇಕು. ಬೇಸರದ ಕೆಲಸ, ಆದರೆ ಗಲ್ಲಿಯ ನಡಿಗೆ ಇರುವುದೇ ಕೆಲವು ಸೆಕೆಂಡು. ನಾವಿಬ್ಬರೂ ಕೂತು ಒತ್ತುತ್ತಾ ಹೋದೆವು. ನಿಲ್ಲಿಸಿದ್ದ ಕಾರಿನ ಕಿಟಕಿಯ ಗಾಜಿನಲ್ಲಿ ಎದುರಿನ ನೀಲಿ ಬೋರ್ಡು ತಲೆಕೆಳಗಾಗದೆ, ಎಡಬಲ ಮಾತ್ರ ಬದಲಾಗಿ ಬಿದ್ದಿತ್ತು. ಕನ್ನಡಿ ಬಿಂಬವನ್ನು ತಿರುಗಿಸುವುದು ಯಾರಿಗೆ ಕಷ್ಟ?

ಮಸುಕು ಮಾಡುವ ಬಗೆಯನ್ನು ಕುರಿತು ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ತಿಳಿದವರೂ ಇಲ್ಲಿ ತಪ್ಪುತ್ತಾರೆ. ಚೌಕ ಚೌಕವಾಗಿ ಒಡೆದು ತೋರಿಸುವುದಾಗಲಿ, ಮಂಜು ಮುಸುಕಿದ ಹಾಗೆ ಕಲಸುವುದಾಗಲಿ, ಒಳಗಿನ ಅಕ್ಷರವನ್ನು ಅಳಿಸುವುದಿಲ್ಲ. ಅದರ ಕಪ್ಪು ಬಿಳುಪನ್ನು ಸರಾಸರಿ ಮಾಡುತ್ತದೆ ಅಷ್ಟೆ. ಬರಹದಲ್ಲಿ ಅಕ್ಷರಗಳು ಸಾವಿರ ಬಗೆಯಲ್ಲಿ ಕೂಡಬಹುದು, ಮನೆ ನಂಬರಿನಲ್ಲಿ ಇರುವುದು ಹತ್ತೇ ಅಂಕಿ. ಮೂರು ಅಂಕಿಯ ತನಕದ ನಂಬರು ಎಂದರೆ 1ರಿಂದ 999ರವರೆಗೆ, ಒಟ್ಟು 999 ಸಾಧ್ಯತೆ. ಯಾರಾದರೂ ಕೂತು ಅಷ್ಟೂ ನಂಬರನ್ನು ಅದೇ ಬಗೆಯ ಅಕ್ಷರದಲ್ಲಿ ಬರೆದು, ಅದೇ ರೀತಿ ಮಸುಕು ಮಾಡಿ, ವಿಡಿಯೋದಲ್ಲಿರುವ ಮಸುಕಿನ ಪಕ್ಕ ಇಟ್ಟು ಹೋಲಿಸಿದರೆ, ಹತ್ತಿರ ಹೊಂದುವುದು ಒಂದೆರಡೇ. ಇದನ್ನು ಕಂಪ್ಯೂಟರು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡುತ್ತದೆ. ಗಲ್ಲಿಯಲ್ಲಿರುವುದು ನಲವತ್ತೇ ಮನೆ ಎಂದು ಗೊತ್ತಿದ್ದರೆ ಅಷ್ಟೂ ಬೇಡ. ವಿಡಿಯೋದಲ್ಲಂತೂ ಅಪಾಯ ಇನ್ನೂ ಹೆಚ್ಚು. ಕ್ಯಾಮೆರಾ ಅಲುಗಿದ ಹಾಗೆ ಒಂದೊಂದು ಫ್ರೇಮಿನಲ್ಲೂ ಸರಾಸರಿ ಬೇರೆ ಬೇರೆಯಾಗಿ ಬೀಳುತ್ತದೆ, ಅವನ್ನೆಲ್ಲ ಒಟ್ಟು ಸೇರಿಸಿದರೆ ಒಂದು ಫೋಟೋ ಹೇಳದ್ದನ್ನು ವಿಡಿಯೋ ಹೇಳುತ್ತದೆ.

ಮರೆಮಾಡಿದ್ದನ್ನು ಬಿಡಿಸಿದ ಪ್ರಸಿದ್ಧ ಪ್ರಸಂಗ 2007ರದು. ಮಕ್ಕಳ ಮೇಲೆ ಅಪರಾಧ ಎಸಗಿದವನೊಬ್ಬ ತನ್ನ ಮುಖವನ್ನು ಸುಳಿಯಂತೆ ತಿರುಚಿ ಫೋಟೋ ಹಾಕಿಕೊಂಡಿದ್ದ. ಜರ್ಮನಿಯ ಪೊಲೀಸರು ಅದನ್ನು ಹಿಮ್ಮುಖವಾಗಿ ತಿರುಗಿಸಿ ಮುಖ ಪಡೆದರು, ಇಂಟರ್‌ಪೋಲ್ ಅದನ್ನು ಪ್ರಕಟಿಸಿತು, ಕೆಲವೇ ದಿನಗಳಲ್ಲಿ ಥಾಯ್ಲೆಂಡಿನಲ್ಲಿ ಅವನು ಸಿಕ್ಕಿಬಿದ್ದ. ಅಲ್ಲಿ ಅದು ಒಳ್ಳೆಯದಕ್ಕೇ ಆಯಿತು. ಆದರೆ ಅದೇ ಜಾಣ್ಮೆ ಬೇರೆಯವರ ಕೈಯಲ್ಲೂ ಇರುತ್ತದಲ್ಲ!

ಹಾಗಾದರೆ ಏನು ಮಾಡಬೇಕು? ಹಲಗೆಯ ಮೇಲೆ ಗೋಡೆಯದೇ ಬಣ್ಣದ, ಒಂದೇ ಸಮನಾದ, ಸ್ವಲ್ಪವೂ ಪಾರದರ್ಶಕವಲ್ಲದ ತೇಪೆ ಹಾಕಬೇಕು. ಅದರಡಿಯಲ್ಲಿ ಇದ್ದದ್ದರ ಸುಳಿವು ಒಂದಿಷ್ಟೂ ಹೊರಗೆ ಬರುವುದಿಲ್ಲ. ತೇಪೆ ಹಲಗೆಗಿಂತ ಸಾಕಷ್ಟು ದೊಡ್ಡದಿರಲಿ, ನಂಬರಿಗೆ ಎಷ್ಟು ಅಂಕಿ ಇವೆ ಎಂಬುದೂ ತಿಳಿಯದಿರಲಿ. ಹುಡುಗ ಇನ್ನೊಂದು ಉಪಾಯ ಹೇಳಿದ: “ಬೇರೆ ನಂಬರ್ ಬರೆದುಬಿಡೋಣ ಸರ್, ಯಾರಿಗೂ ಅನುಮಾನ ಬರಲ್ಲ.” ನಾನು ಖಂಡಿತ ಬೇಡ ಎಂದೆ. ನಾವು ಕಲ್ಪಿಸಿ ಬರೆದ ನಂಬರು ಅದೇ ಕಾಲೋನಿಯಲ್ಲಿ ಯಾರದೋ ನಿಜವಾದ ಮನೆ ಆಗಿರುತ್ತದೆ. ನಮ್ಮ ಅಜ್ಜಿಯನ್ನು ಹುಡುಕಿಕೊಂಡು ಬಂದವರು ಅಲ್ಲಿನ ಅಜ್ಜಿಯ ಬಾಗಿಲು ಬಡಿಯಬೇಕೇ?

ಗೇಟಿನ ಪಕ್ಕ ಇನ್ನೂ ಎರಡು ವಸ್ತುಗಳಿದ್ದವು. ಒಂದು ಕರೆಂಟು ಮೀಟರಿನ ಪೆಟ್ಟಿಗೆ. ದೆಹಲಿಯಲ್ಲಿ ಕರೆಂಟು ಕೊಡುವ ಕಂಪನಿಗಳು ಪ್ರದೇಶ ಹಂಚಿಕೊಂಡಿವೆ. ಬಿಎಸ್‌ಇಎಸ್ ಯಮುನಾ ಎಂದರೆ ಪೂರ್ವ ಮತ್ತು ನಡುದೆಹಲಿ, ಬಿಎಸ್‌ಇಎಸ್ ರಾಜಧಾನಿ ಎಂದರೆ ದಕ್ಷಿಣ ಮತ್ತು ಪಶ್ಚಿಮ, ಟಾಟಾ ಪವರ್ ಎಂದರೆ ಉತ್ತರದ ಕಡೆ. ಪೆಟ್ಟಿಗೆಯ ಮೇಲಿನ ಗುರುತೊಂದರಿಂದಲೇ ಹುಡುಕುವವರ ಊರು ಒಂದು ಕಂಪನಿಯ ಪ್ರದೇಶದಷ್ಟಕ್ಕೆ ಇಳಿಯುತ್ತದೆ. ಇನ್ನೊಂದು, ಬಾಗಿಲ ಚೌಕಟ್ಟಿನ ಬದಿಯಲ್ಲಿ ಸೀಮೆಸುಣ್ಣದ ಗೀಚು. ಮೊಮ್ಮಗು ರಜಕ್ಕೆ ಬಂದಿದ್ದಾಗ ಪಲ್ಸ್ ಪೋಲಿಯೋದವರು ಹಾಕಿ ಹೋದದ್ದು, ಯಾರೂ ಒರೆಸಿರಲಿಲ್ಲ. ಆ ಗುರುತನ್ನು ಹತ್ತಿರದಿಂದ ನೋಡಿದ್ದೀರಾ? ಮನೆಯ ಮಕ್ಕಳೆಲ್ಲರಿಗೂ ಹನಿ ಬಿದ್ದಿದ್ದರೆ ‘ಪಿ’, ಯಾರಾದರೂ ಉಳಿದಿದ್ದರೆ ‘ಎಕ್ಸ್’. ಪಕ್ಕದಲ್ಲಿ ತಾರೀಖು, ತಂಡದ ನಂಬರು, ಮನೆಯ ನಂಬರು, ತಂಡ ಮುಂದೆ ಹೋದ ದಿಕ್ಕಿಗೊಂದು ಬಾಣ. ಅಮೃತಶಿಲೆಯ ಹಲಗೆಯನ್ನು ಅಷ್ಟು ಕಷ್ಟಪಟ್ಟು ಮುಚ್ಚಿದರೆ, ಅದೇ ನಂಬರು ಎರಡಡಿ ಆಚೆ ಸುಣ್ಣದಲ್ಲಿ! ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಶೂಟಿಂಗಿನ ದಿನವೇ ಮುಗಿಯುತ್ತಿದ್ದ ಕೆಲಸ.

ಕಿವಿಯನ್ನೂ ಮರೆಯುವಂತಿಲ್ಲ. ಅಜ್ಜಿ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಹೊರಗೆ ಡೆಲಿವರಿ ಹುಡುಗ ಬಂದು, ಬ್ಲಾಕು ನಂಬರು ಎರಡನ್ನೂ ಸೇರಿಸಿ, ಇದೇ ತಾನೇ ಎಂದು ಗಟ್ಟಿಯಾಗಿ ಕೂಗಿದ್ದಾನೆ. ಸಾಸಿವೆ ಸಿಡಿಯುವ ಸದ್ದಿನ ಅಡಿಯಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಆ ಎರಡು ಸೆಕೆಂಡು ಶಬ್ದ ತೆಗೆದು, ಬೇರೆ ಕಡೆಯ ಸಾಸಿವೆ ಸದ್ದನ್ನು ಅಲ್ಲಿಗೆ ತುಂಬಿದೆವು. ಇನ್ನು ಮೊಬೈಲಿನಲ್ಲಿ ತೆಗೆದ ಮೂಲ ಫೈಲು. ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೈಲಿನೊಳಗೇ ಕೂತಿರುತ್ತದೆ. ಅದನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟಾಗಿ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. ಮೂಲ ಫೈಲು ಯಾರ ಯಾರ ಫೋನಿನಲ್ಲಿದೆ ಎಂದು ಸೊಸೆ ಕೂತು ಲೆಕ್ಕ ಹಾಕಿದಳು. ಮೈದುನ ಅದರಿಂದ ಚಿಕ್ಕದೊಂದು ತುಣುಕು ಕತ್ತರಿಸಿ ಮನೆಯವರ ಗುಂಪಿಗೆ ಹಾಕಿ ಆಗಿತ್ತು. ಅದನ್ನು ತೆಗೆಸಿದಳು. ಚಾನೆಲ್ಲಿನ ಮುಖಚಿತ್ರಕ್ಕೆ ಆರಿಸಿದ್ದ ಫೋಟೋವೂ ಎಡಿಟ್ ಆಗದ ಮೂಲದಿಂದ ತೆಗೆದದ್ದೇ ಆಗಿತ್ತು, ಅದನ್ನೂ ಬದಲಾಯಿಸಿದರು.

ಇಷ್ಟೆಲ್ಲ ಮುಚ್ಚಿದ ಮೇಲೆ ಬೇರೆ ಒಂದು ತೊಡಕು ಎದುರಾಗುತ್ತದೆ. ಗೂಗಲ್ಲಿನ ಸ್ಟ್ರೀಟ್ ವ್ಯೂ ಇದೆಯಲ್ಲ, ಕಾರಿನ ಮೇಲೆ ಕ್ಯಾಮೆರಾ ಕಟ್ಟಿಕೊಂಡು ಬೀದಿ ಬೀದಿ ಚಿತ್ರ ತೆಗೆಯುವುದು. 2011ರಲ್ಲಿ ಬೆಂಗಳೂರಿನಲ್ಲಿ ಪೊಲೀಸರು ಅದನ್ನು ತಡೆದಿದ್ದರು. ಹನ್ನೊಂದು ವರ್ಷದ ಮೇಲೆ, 2022ರ ಜುಲೈನಲ್ಲಿ, ಇಲ್ಲಿನ ಕಂಪನಿಗಳ ಜೊತೆ ಸೇರಿ ದೆಹಲಿ, ಬೆಂಗಳೂರು ಸಹಿತ ಹತ್ತು ಊರುಗಳಲ್ಲಿ ಅದು ಶುರುವಾಯಿತು. ಅದು ತಾನಾಗಿ ಮುಚ್ಚುವುದು ಮನುಷ್ಯರ ಮುಖ ಮತ್ತು ವಾಹನದ ನಂಬರು. ಮನೆಯನ್ನು ಮಸುಕು ಮಾಡಿ ಎಂದು ನಾವು ಕೇಳಿಕೊಳ್ಳಬಹುದು, ಆದರೆ ಒಮ್ಮೆ ಮಾಡಿದರೆ ಅದು ಶಾಶ್ವತ. ಜರ್ಮನಿಯಲ್ಲಿ 2010ರಲ್ಲಿ ಸುಮಾರು 2.44 ಲಕ್ಷ ಮನೆಯವರು ಹಾಗೆ ಕೇಳಿಕೊಂಡರು. ಫಲ? ಎಸೆನ್ ಎಂಬ ಊರಿನಲ್ಲಿ ಯಾರೋ ಪುಂಡರು ನಕ್ಷೆಯಲ್ಲಿ ಮಸುಕಾಗಿದ್ದ ಮನೆಗಳನ್ನೇ ಹುಡುಕಿಕೊಂಡು ಹೋಗಿ ಮೊಟ್ಟೆ ಎಸೆದು, ಗೂಗಲ್ ಹೊಗಳುವ ಚೀಟಿ ಅಂಟಿಸಿ ಬಂದರು. ಬೀದಿಯ ಸಾಲಿನಲ್ಲಿ ಒಂದೇ ಒಂದು ಮನೆ ಮಂಜಾಗಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ನಮ್ಮ ಗಲ್ಲಿಯ ನಡಿಗೆಯಲ್ಲೂ ಅದೇ ಆಯಿತು. ನೀಲಿ ಬೋರ್ಡಿಗೊಂದು ತೇಪೆ, ಹಲಗೆಗೊಂದು, ಹಿತ್ತಾಳೆ ತಗಡಿಗೊಂದು, ಮೀಟರಿಗೊಂದು, ಕಾರಿನ ಗಾಜಿಗೊಂದು, ಸುಣ್ಣದ ಗೀಚಿಗೊಂದು. ಒಳಗೆ ಏನೋ ಗುಟ್ಟಿದೆ ಎಂದು ಸಾರುವ ಹಾಗೆ ಕಾಣುತ್ತಿತ್ತು. ಎಲ್ಲ ತೇಪೆಗಳೂ ಸರಿಯಾಗಿದ್ದವು, ಆದರೂ ಗ್ರಿಲ್ಲು, ತಿರುವು, ಎದುರಿನ ಬೇವಿನ ಮರ ಹಾಗೆಯೇ ಇದ್ದವು. ಅದನ್ನು ನೋಡಿದ ಸೊಸೆ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದಳು, ಗಲ್ಲಿಯ ನಡಿಗೆಯೇ ಬೇಡ ಎಂದು. ನನ್ನ ಅಭಿಪ್ರಾಯವೂ ಅದೇ. ಎಡಿಟಿಂಗಿನಲ್ಲಿ ಮುಚ್ಚುವುದು ಕೊನೆಯ ಉಪಾಯ, ಕ್ಯಾಮೆರಾವನ್ನು ಅತ್ತ ತಿರುಗಿಸದೇ ಇರುವುದು ಮೊದಲನೆಯದು. ದೆಹಲಿ ಎಂದು ತೋರಿಸಲೇಬೇಕಾದರೆ ಯಮುನೆಯ ಈಚೆಗೆ ಬಂದು ಇಂಡಿಯಾ ಗೇಟಿನ ಬಿಸಿಲನ್ನು ತೋರಿಸಲಿ, ಮನೆಯ ಹತ್ತಿರದ ಮೆಟ್ರೋ ಕಂಬವನ್ನಲ್ಲ. ಮನೆಯ ಬಾಗಿಲು ಬೇಕೇ ಬೇಕು ಎಂದಾದರೆ ಅಜ್ಜಿಯ ಬಳಿಯೇ ಅದಕ್ಕೆ ಮದ್ದಿತ್ತು. “ಹಬ್ಬದ ಹಾಗೆ ಒಂದು ಮಾವಿನ ತೋರಣ ಕಟ್ಟಿಬಿಡ್ರೋ, ಉದ್ದಕ್ಕೆ ಇಳಿಬಿಟ್ಟು,” ಎಂದರು. ಆಝಾದ್‌ಪುರ ಮಂಡಿಯಿಂದ ಬಂದ ಎಲೆ ಸಂಜೆಯೇ ಸೊಸೆಯ ಕೈಗೆ ಸಿಕ್ಕಿತು. ಕನ್ನಡದ ಹಿತ್ತಾಳೆ ತಗಡು ಪೂರ್ತಿ ಎಲೆಯ ಹಿಂದೆ ಹೋಯಿತು. ತುಳಸಿಯ ಕುಂಡವನ್ನು ಸ್ಟೂಲಿನ ಮೇಲಿಟ್ಟು ಅಮೃತಶಿಲೆಯ ಮುಂದೆ ಸರಿಸಿದರು. ಕ್ಯಾಮೆರಾ ಹತ್ತಿರ ತಂದು, ಬಾಗಿಲಿನ ಮುಕ್ಕಾಲು ಪಾಲು ಮಾತ್ರ ಬರುವ ಹಾಗೆ ಇಟ್ಟು ಇನ್ನೊಮ್ಮೆ ತೆಗೆದರು. ಒಂದು ತೇಪೆಯೂ ಬೇಕಾಗಲಿಲ್ಲ. ನೋಡುವವರಿಗೆ ಅದು ಹಬ್ಬದ ಬಾಗಿಲು, ಅಷ್ಟೆ.

ಈಗ ನವರಾತ್ರಿಯ ಬೊಂಬೆಗಳ ವಿಡಿಯೋ ಮಾಡುವ ಮಾತು ನಡೆದಿದೆ. ಬೊಂಬೆ ಕೂರಿಸುವ ಕೋಣೆಯ ಕಿಟಕಿ ಎದುರು ಮನೆಗೆ ಮುಖ ಮಾಡಿದೆ. ಆ ಮನೆಯವರ ನಂಬರು ಕಬ್ಬಿಣದ ಗೇಟಿನ ಮೇಲೆ ಅಂಗೈ ಅಗಲದ ಅಂಕಿಯಲ್ಲಿದೆ, ಕಿಟಕಿಯಿಂದ ನೇರವಾಗಿ ಕಾಣುತ್ತದೆ. ಎದುರಿನವರ ನಂಬರು ಸಿಕ್ಕರೆ ಅಜ್ಜಿಯ ಮನೆಯೂ ಸಿಕ್ಕಿತು. ಮೇಲಾಗಿ, ತಮ್ಮ ಗೇಟು ಯಾರದೋ ವಿಡಿಯೋದಲ್ಲಿ ಬರಲಿ ಎಂದು ಅವರನ್ನು ಯಾರೂ ಕೇಳಿಲ್ಲ. ಕಿಟಕಿಗೆ ರೇಷ್ಮೆಯ ಹಳೆ ಸೀರೆಯೊಂದನ್ನು ಪರದೆಯಾಗಿ ಕಟ್ಟೋಣ ಎಂದಿದ್ದಾಳೆ ಸೊಸೆ. ಬೆಳಕು ಕಡಿಮೆಯಾಗುತ್ತದೆ ಎಂಬುದು ಹುಡುಗನ ತಕರಾರು. ಬೆಳಿಗ್ಗೆ ಹತ್ತಕ್ಕೆ ಮುಂಚೆ, ಬಿಸಿಲು ಇನ್ನೊಂದು ಬದಿಯ ಬಾಗಿಲಿಂದ ಬೀಳುವಾಗ ತೆಗೆದರೆ ಸೀರೆ ಇದ್ದರೂ ಸಾಕಾಗಬಹುದು. ಅದನ್ನು ನೋಡುವುದಕ್ಕೆ ಬರುವ ಭಾನುವಾರ ಅವನು ಕ್ಯಾಮೆರಾ ತಂದು ಅಲ್ಲಿ ಕೂರುತ್ತಾನೆ. ಅಜ್ಜಿ ಆಗಲೇ ಅವನಿಗೆ ಗೊಜ್ಜವಲಕ್ಕಿ ಮಾಡಿಡುವುದಾಗಿ ಹೇಳಿದ್ದಾರೆ.